ಐಸಿಯು ಚಾರ್ಟ್‌ನ 24 ಗಂಟೆನ ನಾಲ್ಕೇ ಸಾಲಿಗೆ ಇಳಿಸೋದು ಹೇಗೆ?

ಪ್ರಶ್ನೆ: ಗಂಟೆಗಂಟೆಗೂ ಬರೆದಿರೋ ಬಿಪಿ, ವೆಂಟಿಲೇಟರ್ ಸೆಟ್ಟಿಂಗ್, ಪಂಪ್ ರೇಟ್ ಎಲ್ಲಾ ಸೇರಿಸಿ ದಿನದ ಸಮ್ಮರಿ ಮಾಡ್ಬೇಕು. ಎಲ್ಲದಕ್ಕೂ ಆವರೇಜ್ ಹಾಕಿದ್ರೆ ಸಾಕಲ್ವಾ?

ಸಾಕಾಗಲ್ಲ. ಒಂದು ಲೆಕ್ಕ ನೋಡಿ. 60 ಕೆಜಿ ಪೇಷಂಟ್, ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಓಡ್ತಿದೆ, ಮ್ಯಾಪ್ ಅಂದ್ರೆ ಸರಾಸರಿ ಬಿಪಿ 21 ಗಂಟೆ 72ರ ಆಸುಪಾಸು ಇತ್ತು, ರಾತ್ರಿ 2, 3, 4 ಗಂಟೆಗೆ ಮಾತ್ರ 58, 60, 62. ಆವರೇಜ್ ತೆಗೆದ್ರೆ ಸುಮಾರು 70 ಬರತ್ತೆ, ಅಲ್ಲಿಗೆ ಆ ಮೂರು ಗಂಟೆ ಕಥೆ ಮಾಯ. ಅದಕ್ಕೇ ರೇಂಜ್ ಬರೀರಿ, 65ಕ್ಕಿಂತ ಕೆಳಗೆ ಎಷ್ಟು ಹೊತ್ತಿತ್ತು ಅಂತ ಬರೀರಿ, ಪಕ್ಕದಲ್ಲೇ ಆಗ ಔಷಧಿ ಎಷ್ಟು ಹೋಗ್ತಿತ್ತು ಅನ್ನೋದೂ ಇರ್ಲಿ, ಯಾಕಂದ್ರೆ ಸಪೋರ್ಟ್ ಎಷ್ಟಿತ್ತು ಅಂತ ಗೊತ್ತಿಲ್ದೆ ಬರೀ 72 ಅಂದ್ರೆ ಏನೂ ತಿಳಿಯಲ್ಲ.

ಎಲ್ಲರೂ ಎಡವೋದು ಪಂಪ್ ರೇಟ್‌ನಲ್ಲಿ. ಇದೇ ಪೇಷಂಟ್‌ಗೆ ಚಾರ್ಟ್‌ನಲ್ಲಿ ಗಂಟೆಗೆ 9 ಎಂಎಲ್, ಬಿಪಿ ಇಳಿದಾಗ 12, ಬೆಳಗಿನ ಜಾವ 5ಕ್ಕೆ 7 ಅಂತ ಇದೆ. ನೋಡಿದವ್ರು ಔಷಧಿ ಕಮ್ಮಿ ಆಗ್ತಿದೆ ಅಂದ್ಕೊಳ್ತಾರೆ. ಆದ್ರೆ 5ಕ್ಕೆ ಸಿರಿಂಜ್ ಬದಲಾಗಿದೆ, ಮೊದಲು 50 ಎಂಎಲ್‌ನಲ್ಲಿ 4 ಎಂಜಿ ಇದ್ದಿದ್ದು ಈಗ 8 ಎಂಜಿ. ಎಂಎಲ್ ರೇಟನ್ನ ಒಂದು ಎಂಎಲ್‌ನಲ್ಲಿರೋ ಮೈಕ್ರೋಗ್ರಾಂನಿಂದ ಗುಣಿಸಿ, ತೂಕದಿಂದ ಭಾಗಿಸಿ, ನಿಮಿಷಕ್ಕೆ ತರೋಕೆ ಮತ್ತೆ 60ರಿಂದ ಭಾಗಿಸಿ, ಕೆಜಿಗೆ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಅಂತ ಸಿಗತ್ತೆ: 9 × 80 ÷ 60 ÷ 60 = 0.2, ಆಮೇಲೆ 7 × 160 ÷ 60 ÷ 60 = 0.31. ಡೋಸ್ ಒಂದೂವರೆ ಪಟ್ಟು ಏರಿದೆ! ಹಾಗಾಗಿ ಮೊದಲು ಡೋಸ್‌ಗೆ ಬದಲಾಯಿಸ್ಕೊಳ್ಳಿ, ಆಮೇಲೆ ಸಮ್ಮರಿ. ಲೆಕ್ಕಕ್ಕೆ ಹಿಡಿದ ತೂಕ ದಿನದಿನ ಬದಲಾಗದಂಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಪಂಪ್ ಮುಟ್ಟದೇನೇ ಡೋಸ್ ಬದಲಾದಂಗೆ ಕಾಣತ್ತೆ.

ಖಾಲಿ ಬಿಟ್ಟಿರೋ ಕಾಲಂ ಬಗ್ಗೆನೂ ಹುಷಾರು. ಕೆಲವು ಕಡೆ ರೇಟ್ ಬದಲಾದಾಗ ಮಾತ್ರ ಬರೀತಾರೆ, ಅಲ್ಲಿ ಖಾಲಿ ಅಂದ್ರೆ ಹಿಂದಿನ ರೇಟೇ ಓಡ್ತಿದೆ ಅಂತ, ಸೊನ್ನೆ ಅಲ್ಲ. ಆದ್ರೆ ಬಿಪಿ ಖಾಲಿ ಇದ್ರೆ ಹಿಂದಿನದನ್ನ ಎಳ್ಕೊಂಡು ಬರಬೇಡಿ, ಅದು ನೋಡಿಲ್ಲ ಅಂತಷ್ಟೇ.

ವೆಂಟಿಲೇಟರ್‌ದೂ ಹಂಗೇ. 5:45ಕ್ಕೆ ಎಬಿಜಿ ತೆಗೆದ್ರು, ಆಕ್ಸಿಜನ್ ಒತ್ತಡ 75, ಆಗ ಎಫ್‌ಐಒ2, ಅಂದ್ರೆ ಕೊಡ್ತಿದ್ದ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ, 50 ಪರ್ಸೆಂಟ್. ರಿಪೋರ್ಟ್ ನೋಡಿ 6ಕ್ಕೆ 60 ಮಾಡಿದ್ರು. 6ರ ಕಾಲಂ ಜೊತೆ ಸೇರಿಸಿದ್ರೆ ಪಿ/ಎಫ್, ಅಂದ್ರೆ ಆ ಒತ್ತಡವನ್ನ ಎಫ್‌ಐಒ2ನಿಂದ ಭಾಗಿಸಿದ್ದು, 125 ಬರತ್ತೆ, ನಿಜವಾದ್ದು 150. ರಕ್ತ ತೆಗೆದ ಹೊತ್ತಿನ ಸೆಟ್ಟಿಂಗೇ ಬೇಕು, ಪೀಪ್ ಸಮೇತ.

ಕೊನೆಗೆ ಈ ಪೇಷಂಟ್‌ಗೆ ನಾನಾದ್ರೆ ಹೀಗೆ ಬರೀತಿದ್ದೆ: "ಮ್ಯಾಪ್ ಬಹುತೇಕ 72ರ ಆಸುಪಾಸು, ರಾತ್ರಿ 2ರಿಂದ 4ರ ರೀಡಿಂಗ್‌ಗಳಲ್ಲಿ 58–62. ನಾರ್‌ಅಡ್ರಿನಲಿನ್ 0.2, ಬಿಪಿ ಇಳಿದಾಗ 0.27, 5ಕ್ಕೆ ಡಬಲ್ ಸ್ಟ್ರೆಂತ್ ಆಗಿ 0.31. 5:45ಕ್ಕೆ ಪಿ/ಎಫ್ 150, ಎಫ್‌ಐಒ2 50, ಪೀಪ್ 8. 6ಕ್ಕೆ ಎಫ್‌ಐಒ2 60."