ಇಐಎ ಸಿಗುವುದಲ್ಲ, ಮಾಡುವುದು

‘ಹೆದ್ದಾರಿ ಯೋಜನೆಗೆ ಇಐಎ ಸಿಕ್ಕಿತು’ ಎನ್ನುವ ಸಾಲನ್ನು ಉತ್ತರ ಪತ್ರಿಕೆಗಳಲ್ಲೂ ವರದಿಗಳಲ್ಲೂ ಓದಿ ಸಾಕಾಗಿದೆ. ಸಿಗುವುದು ಪರಿಸರ ಅನುಮತಿ. ಇಐಎ, ಅಂದರೆ ಪರಿಸರ ಪರಿಣಾಮ ಮೌಲ್ಯಮಾಪನ, ಆ ಅನುಮತಿಗೂ ಮುಂಚೆ ನಡೆಯಬೇಕಾದ ಅಧ್ಯಯನ. ‘ಪ್ರಸ್ತಾವಿತ ಹೆದ್ದಾರಿಯ ಇಐಎ ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರವನ್ನು ಈ ವ್ಯತ್ಯಾಸದಿಂದಲೇ ಶುರುಮಾಡಬೇಕು.

ಕೇಂದ್ರ ಪರಿಸರ ಸಚಿವಾಲಯದ 2006ರ ಇಐಎ ಅಧಿಸೂಚನೆ ಹೇಳುವ ಹಂತಗಳು ನಾಲ್ಕು: ಸ್ಕ್ರೀನಿಂಗ್, ಸ್ಕೋಪಿಂಗ್, ಸಾರ್ವಜನಿಕ ಸಮಾಲೋಚನೆ, ಪರಿಶೀಲನೆ. ಮೊದಲೆರಡನ್ನು ಒಂದೇ ಎಂದು ಬರೆಯುವವರೇ ಹೆಚ್ಚು. ಅಧ್ಯಯನ ಬೇಕೇ ಬೇಡವೇ ಎಂದು ತೀರ್ಮಾನವಾಗುವುದು ಸ್ಕ್ರೀನಿಂಗ್‌ನಲ್ಲಿ. ಬೇಕು ಎಂದಾದ ಮೇಲೆ ಅದರಲ್ಲಿ ಏನೇನು ನೋಡಬೇಕು ಎಂದು ಗೊತ್ತುಮಾಡುವುದು ಸ್ಕೋಪಿಂಗ್.

ಹೊಸ ರಾಷ್ಟ್ರೀಯ ಹೆದ್ದಾರಿಯಾದರೆ ಸಾಮಾನ್ಯವಾಗಿ ‘ಎ’ ವರ್ಗ, ಅಂದರೆ ಇಐಎ ಮಾಡಿ ಕೇಂದ್ರದಿಂದ ಅನುಮತಿ ಪಡೆಯಬೇಕಾದ ವರ್ಗ; ಅಲ್ಲಿ ಹೆಚ್ಚು ಚರ್ಚೆಯಿಲ್ಲ. ತಕರಾರು ಏಳುವುದು ಅಗಲೀಕರಣದಲ್ಲಿ. 2013ರ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿ.ಮೀ. ಮೀರಬೇಕು, ಜೊತೆಗೆ ಹೆಚ್ಚುವರಿ ಭೂಮಿಯ ಅಗಲ ಈಗಿನ ದಾರಿಯಲ್ಲಿ 40 ಮೀಟರ್, ಬೈಪಾಸ್‌ನಂಥ ಕಡೆ 60 ಮೀಟರ್ ಮೀರಬೇಕು. ಆಗ ಮಾತ್ರ ಅದು ‘ಎ’ ವರ್ಗ. ಉತ್ತರಾಖಂಡದ ಚಾರ್‌ಧಾಮ್ ರಸ್ತೆಯನ್ನೇ ನೋಡಿ. ಸುಮಾರು 900 ಕಿ.ಮೀ. ಕೆಲಸವನ್ನು 53 ತುಂಡು ಮಾಡಲಾಯಿತು, ಯಾವ ತುಂಡೂ 100 ಕಿ.ಮೀ. ದಾಟಲಿಲ್ಲ. ಹಾಗಾಗಿ ಇಡೀ ರಸ್ತೆಗೆ ಒಂದು ಇಐಎ ಆಗಲೇ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಪರಿಸರತಜ್ಞ ರವಿ ಚೋಪ್ರಾ ಅವರ ನೇತೃತ್ವದಲ್ಲಿ ಸಮಿತಿ ರಚಿಸುವ ಹೊತ್ತಿಗೆ ಗುಡ್ಡ ಕಡಿಯುವ ಕೆಲಸ ಬಹಳ ಮುಂದೆ ಹೋಗಿತ್ತು. ಇಳಿಜಾರು ಕಡಿದು ಮಣ್ಣನ್ನು ಕಣಿವೆಗೆ ಸುರಿದರೆ ಆಗುವ ಹಾನಿ ಒಂದು ತುಂಡಿನ ಗಡಿಯಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಉತ್ತರ ಈ ಉದಾಹರಣೆಯನ್ನು ಬಿಡಬಾರದು.

ಸ್ಕೋಪಿಂಗ್‌ನಲ್ಲಿ ತಜ್ಞರ ಸಮಿತಿ ಅಧ್ಯಯನದಲ್ಲಿ ನೋಡಬೇಕಾದ ಅಂಶಗಳ ಪಟ್ಟಿ ಕೊಡುತ್ತದೆ. ಪರ್ಯಾಯ ಮಾರ್ಗಗಳ ಹೋಲಿಕೆ, ಹಳ್ಳಗಳ ಹರಿವಿಗೆ ಮೋರಿ, ಕಡಿಯಬೇಕಾದ ಮರಗಳು, ಮಣ್ಣು ತೆಗೆಯುವ ಜಾಗ, ಸುರಿಯುವ ಜಾಗ ಎಲ್ಲ ಅದರಲ್ಲಿ ಬರಬೇಕು. ಮೂಲ ಮಾಹಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಸಂಗ್ರಹಿಸುತ್ತಾರೆ. ಗುಡ್ಡ ಕುಸಿಯುವುದು ಮಳೆಯಲ್ಲೇ ಆದ್ದರಿಂದ ಘಟ್ಟದ ರಸ್ತೆಗೆ ಇದು ದೊಡ್ಡ ಕೊರತೆ.

ಮೂರನೆಯದು ಸಾರ್ವಜನಿಕ ಸಮಾಲೋಚನೆ: ಕರಡು ವರದಿ ಸಿದ್ಧವಾದ ಮೇಲೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ತಿಳಿಸಿ ಸಾರ್ವಜನಿಕ ಆಲಿಕೆ ಸಭೆ ನಡೆಸಬೇಕು. ಅದು ಮತದಾನವಲ್ಲ. ಊರೆಲ್ಲ ಬೇಡವೆಂದರೂ ಯೋಜನೆ ಅಲ್ಲಿಗೇ ಬಿದ್ದುಹೋಗದು, ಕೋರಂ ಕೂಡ ಇಲ್ಲ. ಆದರೆ ಪ್ರತಿ ಆಕ್ಷೇಪ ನಡಾವಳಿಯಲ್ಲಿ ದಾಖಲಾಗಬೇಕು, ಅಂತಿಮ ವರದಿ ಅದಕ್ಕೆ ಉತ್ತರಿಸಬೇಕು. ವರದಿ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು ಆ ಉತ್ತರಗಳನ್ನೇ.

ಕೊನೆಯದು ಪರಿಶೀಲನೆ: ಸಮಿತಿ ಶಿಫಾರಸು ಮಾಡುತ್ತದೆ, ‘ಎ’ ವರ್ಗಕ್ಕೆ ಅನುಮತಿ ಕೊಡುವುದು ಕೇಂದ್ರ ಪರಿಸರ ಸಚಿವಾಲಯ. ಅನುಮತಿಯ ಷರತ್ತುಗಳು ಎಷ್ಟು ಪಾಲನೆಯಾಗಿವೆ ಎಂದು ಯೋಜನೆಯವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು.