ಬಾಂಡ್ ಎಣಿಕೆ ಯಾವ ದಿನದಿಂದ? ಸಹಿ ಹಾಕುವ ಮೊದಲು ಕೇಳಿ

ಆಫರ್ ಲೆಟರ್ ಹಿಡಿದು ಕಲಬುರಗಿಯ ನನ್ನ ಕಚೇರಿಗೆ ಬರುವ ಯುವಕ ಯುವತಿಯರು ಹೆಚ್ಚಾಗಿ ಕೇಳುವುದು, ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ‘ಈ ಬಾಂಡ್ ಕೋರ್ಟಿನಲ್ಲಿ ನಿಲ್ಲುತ್ತದೆಯೇ’ ಎಂದು. ಅದಕ್ಕೆ ಉತ್ತರ ಹೇಳುವ ಮೊದಲು ನಾನು ತಿರುಗಿ ಕೇಳುತ್ತೇನೆ: ಬಾಂಡ್ ಯಾವ ದಿನದಿಂದ ಶುರುವಾಗುತ್ತದೆ? ಪ್ರೊಬೇಷನ್ ಮುಗಿಯಿತು ಎಂದು ಹೇಳುವವರು ಯಾರು? ನಡುವೆ ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ಏನಾಗುತ್ತದೆ? ಈ ಮೂರಕ್ಕೂ ಉತ್ತರ ಗೊತ್ತಿರುವವರು ಬಹಳ ಕಡಿಮೆ. ಅದರಲ್ಲಿ ಅವರ ತಪ್ಪೂ ಇಲ್ಲ. ಎರಡು ಪುಟದ ಆಫರ್ ಲೆಟರ್‌ನಲ್ಲಿ ಸಂಬಳ, ಹುದ್ದೆ, ಸೇರುವ ದಿನಾಂಕ ಇಷ್ಟು ಸ್ಪಷ್ಟವಾಗಿರುತ್ತವೆ. ಉಳಿದದ್ದಕ್ಕೆ ‘ಕಂಪನಿಯ ನಿಯಮಗಳು ಅನ್ವಯಿಸುತ್ತವೆ’ ಎಂಬ ಒಂದೇ ಸಾಲು ಇರುತ್ತದೆ. ಬಾಂಡಿನ ಅಸಲಿ ಕಾಗದ ಕೈಗೆ ಬರುವುದು ಕೆಲಸಕ್ಕೆ ಸೇರುವ ದಿನ, ಛಾಪಾ ಕಾಗದದ ಮೇಲೆ, ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದ ಮೇಲೆ. ಅಷ್ಟು ಹೊತ್ತಿಗೆ ಬೀದರಿನಿಂದ ಹೈದರಾಬಾದಿಗೆ ಹೋಗಿ ಕೋಣೆಗೆ ಮುಂಗಡ ಕೊಟ್ಟಾಗಿರುತ್ತದೆ, ಊರಿನಲ್ಲಿ ಪೇಢೆ ಹಂಚಿಯೂ ಆಗಿರುತ್ತದೆ. ಆಗ ‘ಈ ಷರತ್ತು ಬದಲಿಸಿ’ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ಹಾಗಾಗಿ ಆಫರ್ ಒಪ್ಪುವ ಮೊದಲೇ ಎರಡು ಕಾಗದಗಳ ಕರಡನ್ನು ಕೇಳಿ ಪಡೆಯಬೇಕು: ನೇಮಕಾತಿ ಪತ್ರ ಮತ್ತು ಬಾಂಡಿನ ಷರತ್ತುಗಳಿರುವ ಸೇವಾ ಕರಾರು. ಕರಡು ಕಳಿಸಲು ಕಂಪನಿಗೆ ಯಾವ ಖರ್ಚೂ ಇಲ್ಲ.

ಭಾಲ್ಕಿ ತಾಲ್ಲೂಕಿನ ಎಂಜಿನಿಯರಿಂಗ್ ಪದವೀಧರೆಯೊಬ್ಬಳು ಹೀಗೆ ಕರಡು ತರಿಸಿಕೊಂಡು ತಂದೆಯೊಂದಿಗೆ ಬಂದಿದ್ದಳು. ಗುರುತು ಸಿಗದಂತೆ ವಿವರಗಳನ್ನು ಕೊಂಚ ಬದಲಿಸಿದ್ದೇನೆ. ಷರತ್ತುಗಳು ಮಾತ್ರ ನಾನು ಮತ್ತೆ ಮತ್ತೆ ನೋಡುವಂಥವೇ. ಸಂಬಳ ತಿಂಗಳಿಗೆ ₹22,000. ಪ್ರೊಬೇಷನ್ 6 ತಿಂಗಳು. ಕಂಪನಿ ಬಯಸಿದರೆ ಇನ್ನೂ 6 ತಿಂಗಳು ವಿಸ್ತರಿಸಬಹುದು. ಲಿಖಿತವಾಗಿ ಕಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ. ಬಾಂಡ್ 2 ವರ್ಷ, ಕಾಯಂ ಆದ ದಿನದಿಂದ. ನಡುವೆ ಬಿಟ್ಟರೆ ₹2 ಲಕ್ಷ. ಪ್ರೊಬೇಷನ್ನಿನಲ್ಲಿ ಕಂಪನಿ 15 ದಿನದ ನೋಟಿಸ್ ಕೊಟ್ಟು ತೆಗೆಯಬಹುದು, ಆದರೆ ಉದ್ಯೋಗಿ ಬಿಡಬೇಕೆಂದರೆ 90 ದಿನದ ನೋಟಿಸ್ ಕೊಡಬೇಕು. ಬಿಟ್ಟ ಮೇಲೆ ಒಂದು ವರ್ಷ ಕಂಪನಿಯ ಗ್ರಾಹಕ ಸಂಸ್ಥೆಗಳಲ್ಲಾಗಲಿ, ಪ್ರತಿಸ್ಪರ್ಧಿಗಳಲ್ಲಾಗಲಿ ಕೆಲಸ ಮಾಡುವಂತಿಲ್ಲ.

‘ಎರಡು ವರ್ಷ ತಾನೇ ಸಾಹೇಬರೇ, ಮಾಡಿ ಮುಗಿಸುತ್ತಾಳೆ’ ಎಂದರು ತಂದೆ. ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ಪ್ರೊಬೇಷನ್ ಆರೇ ತಿಂಗಳಿಗೆ ಮುಗಿದರೂ ಬಾಂಡ್ ತೀರುವುದು 30ನೇ ತಿಂಗಳಿಗೆ. ವಿಸ್ತರಿಸಿದರೆ 36ನೇ ತಿಂಗಳಿಗೆ. ಕಾಯಂ ಆದೇಶವನ್ನೇ ಕೊಡದೆ ಸುಮ್ಮನಿದ್ದರೆ ಬಾಂಡಿನ ಎಣಿಕೆ ಶುರುವೇ ಆಗುವುದಿಲ್ಲ. ಈ ಕೊನೆಯ ಸಾಧ್ಯತೆ ಷರತ್ತುಗಳನ್ನು ಬಿಡಿಬಿಡಿಯಾಗಿ ಓದಿದರೆ ಕಣ್ಣಿಗೆ ಬೀಳದು. ಪ್ರೊಬೇಷನ್ ಷರತ್ತು ಒಂದು ಪುಟದಲ್ಲಿರುತ್ತದೆ, ಬಾಂಡ್ ಇನ್ನೊಂದು ಕಾಗದದಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಈಗ ಆಕೆ 12ನೇ ತಿಂಗಳಿಗೆ ಕಾಯಂ ಆದಳು, ಎರಡು ವರ್ಷ ತುಂಬಿತೆಂದು 24ನೇ ತಿಂಗಳ ಕೊನೆಗೆ ನೋಟಿಸ್ ಕೊಡದೆ ಬಿಟ್ಟಳು ಎಂದುಕೊಳ್ಳೋಣ. ಕರಡಿನ ಪ್ರಕಾರ ಬಾಂಡಿನಲ್ಲಿ ಇನ್ನೂ 12 ತಿಂಗಳು ಬಾಕಿ. ಪೂರ್ತಿ ₹2 ಲಕ್ಷ ಕೇಳುತ್ತಾರೆ. ಅದರ ಮೇಲೆ 90 ದಿನದ ನೋಟಿಸ್ ಬದಲಿನ ಸಂಬಳ, ಅಂದರೆ ಸುಮಾರು ₹66,000. ಎರಡೂ ಸೇರಿ ಒಂದು ವರ್ಷದ ಸಂಬಳಕ್ಕೆ ಹೆಚ್ಚುಕಡಿಮೆ ಸಮ. ಅದೇ ಕರಾರಿನಲ್ಲಿ ‘ಉಳಿದ ಅವಧಿಗೆ ತಕ್ಕ ಪ್ರಮಾಣದಲ್ಲಿ’ ಎಂಬ ಮಾತು ಸೇರಿದ್ದರೆ ಬಾಂಡಿನ ಮೊತ್ತ ₹1 ಲಕ್ಷಕ್ಕೆ ಇಳಿಯುತ್ತದೆ. ‘ಕೆಲಸಕ್ಕೆ ಸೇರಿದ ದಿನದಿಂದ’ ಎಂದಿದ್ದರೆ ಬಾಂಡಿನ ಬಾಕಿ ಒಂದು ರೂಪಾಯಿಯೂ ಇಲ್ಲ. ಅದೇ ಹುಡುಗಿ, ಅದೇ ರಾಜೀನಾಮೆ, ಅದೇ ದಿನ. ಎರಡು ಮೂರು ಪದಗಳು ಬದಲಾದರೆ ಇಷ್ಟು ವ್ಯತ್ಯಾಸ.

ಇನ್ನು ಕೋರ್ಟಿನ ಮಾತು. ‘ಖಾಸಗಿ ಬಾಂಡ್‌ಗೆ ಬೆಲೆಯೇ ಇಲ್ಲ, ಸಹಿ ಹಾಕಿ ಬಿಡು’ ಎಂದು ಹಿರಿಯ ಸಹಪಾಠಿಗಳು ಧೈರ್ಯ ತುಂಬುತ್ತಾರೆ. ಇದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವೆ, ತಪ್ಪಿದರೆ ₹2 ಲಕ್ಷ ಎಂಬ ಬಾಂಡನ್ನು ಎತ್ತಿಹಿಡಿಯಿತು. ಅದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಉದ್ಯೋಗಿಯ ಪರವಾಗಿ ತೀರ್ಮಾನವಾಗಿ ಮೇಲೆ ಹೋದ ಪ್ರಕರಣ. ಕೆಲಸದಲ್ಲಿ ಇಂತಿಷ್ಟು ಕಾಲ ಇರಬೇಕು ಎನ್ನುವುದು ಉದ್ಯೋಗಕ್ಕೆ ಹಾಕಿದ ಅಡ್ಡಿಯಲ್ಲ ಎಂದಿತು ಕೋರ್ಟ್. ಆದರೆ ಅಲ್ಲಿ ಬ್ಯಾಂಕು ಸಾರ್ವಜನಿಕ ವಲಯದ್ದು, ನೇಮಕಾತಿಗೆ ಬಹಿರಂಗ ಪ್ರಕಟಣೆ ಹೊರಡಿಸಿ ಪೂರ್ತಿ ಪ್ರಕ್ರಿಯೆ ನಡೆಸಲೇಬೇಕು. ಹುದ್ದೆಯೂ ಹಿರಿಯ ವ್ಯವಸ್ಥಾಪಕರದ್ದು, ಒಳ್ಳೆಯ ಸಂಬಳದ್ದು. ಆ ಸಂಬಳಕ್ಕೆ ₹2 ಲಕ್ಷ ಅತಿಯಲ್ಲ ಎಂಬುದೂ ತೀರ್ಪಿನ ಭಾಗ. ₹22,000 ಸಂಬಳದವಳಿಗೆ ಅದೇ ₹2 ಲಕ್ಷ ಒಂಬತ್ತು ತಿಂಗಳ ದುಡಿಮೆ.

ಇಲ್ಲಿ ಕೆಲಸಕ್ಕೆ ಬರುವುದು 1872ರ ಕರಾರು ಕಾಯ್ದೆಯ 74ನೇ ಕಲಂ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ₹2 ಲಕ್ಷ ಎಂದು ಬರೆದ ಮಾತ್ರಕ್ಕೆ ₹2 ಲಕ್ಷವೂ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಹಾಗಾಗಿ ತರಬೇತಿಯ ಪ್ರಶ್ನೆ ಬಹಳ ಮುಖ್ಯ. ಯಾವ ತರಬೇತಿ, ಎಷ್ಟು ದಿನ, ಕೊಡುವವರು ಹೊರಗಿನವರೋ ಒಳಗಿನವರೋ, ಅದಕ್ಕಾಗುವ ಖರ್ಚೆಷ್ಟು? ಹೊರಗಿನ ಸಂಸ್ಥೆಗೆ ಹಣ ಕಟ್ಟಿ ಎರಡು ತಿಂಗಳು ಕಲಿಸಿದ್ದರೆ ಕಂಪನಿಯ ವಾದ ಗಟ್ಟಿ. ಮೊದಲ ವಾರದಿಂದಲೇ ಗ್ರಾಹಕರ ಕೆಲಸ ಮಾಡಿಸಿ, ಅದನ್ನೇ ತರಬೇತಿ ಎಂದರೆ ವಾದ ಸಡಿಲ. ಈ ಪ್ರಶ್ನೆಗೆ ಸೇರುವ ಮೊದಲೇ ಬಂದ ಲಿಖಿತ ಉತ್ತರ ಮುಂದೆ ವಿವಾದವಾದರೆ ಎರಡೂ ಕಡೆಯವರಿಗೆ ಸಾಕ್ಷ್ಯ.

ಪ್ರೊಬೇಷನ್ ಬಗ್ಗೆ ನಾನು ಒತ್ತಿ ಹೇಳುವುದು ಒಂದೇ. ಕಂಪನಿಯೇ ನಿಮ್ಮನ್ನು ತೆಗೆದರೆ ಬಾಂಡ್ ಅಲ್ಲಿಗೇ ಮುಗಿಯುತ್ತದೆ ಎಂದು ಬರೆಸಿಕೊಳ್ಳಿ. ಆಕೆಯ ಕರಡಿನಲ್ಲಿ ‘ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ’ ಹಣ ಕಟ್ಟಬೇಕು ಎಂದಿತ್ತು. ಅಕ್ಷರಶಃ ಓದಿದರೆ, ಪ್ರಾಜೆಕ್ಟ್ ಇಲ್ಲವೆಂದು 15 ದಿನದಲ್ಲಿ ಹೊರಗೆ ಕಳಿಸಿದವರೂ ಹಣ ಕೇಳಬಹುದು. ‘ಉದ್ಯೋಗಿ ತಾನಾಗಿ ರಾಜೀನಾಮೆ ನೀಡಿದರೆ’ ಎಂದು ತಿದ್ದಿಸಬೇಕಾದ ಜಾಗ ಇದೇ.

ಬಿಟ್ಟ ಮೇಲೆ ಬೇರೆ ಕಡೆ ದುಡಿಯಬಾರದು ಎಂಬ ಷರತ್ತನ್ನು ನೋಡಿ ಹುಡುಗಿ ಎಲ್ಲಕ್ಕಿಂತ ಹೆಚ್ಚು ಹೆದರಿದ್ದಳು. ಕಾನೂನಿನಲ್ಲಿ ಅತ್ಯಂತ ದುರ್ಬಲವಾದದ್ದು ಅದೇ. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ವೃತ್ತಿ, ವ್ಯಾಪಾರವನ್ನು ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸದಲ್ಲಿರುವಾಗ ಬೇರೆಯವರಿಗೆ ದುಡಿಯಬಾರದು ಎಂಬ ಷರತ್ತು ಸಿಂಧು ಎಂದು 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸೇವೆ ಮುಗಿದ ಮೇಲಿನ ತಡೆ ಬೇರೆ ಮಾತು. ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗುಟ್ಟು ಕಾಪಾಡುವ ಷರತ್ತು ಮಾತ್ರ ಆಮೇಲೂ ಉಳಿಯುತ್ತದೆ: ಹಳೆಯ ಕಂಪನಿಯ ಕೋಡ್, ಗ್ರಾಹಕರ ಪಟ್ಟಿ, ದರಪಟ್ಟಿಯನ್ನು ಹೊಸ ಕಡೆಗೆ ಒಯ್ಯುವಂತಿಲ್ಲ. ಆದರೂ ಕೇಳಬೇಕಾದದ್ದು ಇದೆ. ಕೋರ್ಟಿಗೆ ಹೋಗದೆಯೇ ಕಂಪನಿ ಒತ್ತಡ ಹಾಕುವ ದಾರಿ ಎಂದರೆ ರಿಲೀವಿಂಗ್ ಲೆಟರ್ ತಡೆಹಿಡಿಯುವುದು. ಹೊಸ ಕೆಲಸದ ಎಚ್‌ಆರ್ ಆ ಪತ್ರವಿಲ್ಲದೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ‘ಪ್ರತಿಸ್ಪರ್ಧಿಗಳು ಯಾರು, ಹೆಸರಿನ ಪಟ್ಟಿ ಇದೆಯೇ, ನೋಟಿಸ್ ಅವಧಿ ಪೂರೈಸಿದರೆ ರಿಲೀವಿಂಗ್ ಲೆಟರ್ ಎಷ್ಟು ದಿನದಲ್ಲಿ ಕೊಡುತ್ತೀರಿ’ ಎಂದು ಕೇಳುವುದು ‘ಈ ಷರತ್ತು ಅಸಿಂಧು’ ಎಂದು ಎಚ್‌ಆರ್ ಜೊತೆ ವಾದಿಸುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಈ ಕರಡಿನಲ್ಲಿ ನನಗೆ ನಿಜವಾಗಿ ಕಳವಳ ಹುಟ್ಟಿಸಿದ್ದು ಕೊನೆಯ ಪುಟ. ಜಾಮೀನುದಾರರಾಗಿ ತಂದೆಯ ಸಹಿ ಮತ್ತು ಭದ್ರತೆಗೆಂದು ಒಂದು ಖಾಲಿ ಚೆಕ್. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರನ ಹೊಣೆ ಮೂಲ ಸಾಲಗಾರನಷ್ಟೇ ದೊಡ್ಡದು; ಮಗಳನ್ನು ಬಿಟ್ಟು ನೇರವಾಗಿ ತಂದೆಯನ್ನೇ ಹಿಡಿಯಬಹುದು. ತೊಗರಿ ಬೆಳೆದು ಬದುಕುವ ಮನುಷ್ಯ, ಮಗಳಿಗೆ ಕೆಲಸ ಸಿಕ್ಕ ಸಂತೋಷದಲ್ಲಿ ಸಹಿಗೆ ಸಿದ್ಧರಾಗಿಯೇ ಬಂದಿದ್ದರು. ಇನ್ನು ಸಹಿ ಮಾಡಿದ ಖಾಲಿ ಚೆಕ್ ಎಂದರೆ ಮೊತ್ತ ತುಂಬುವ ಅಧಿಕಾರವನ್ನೂ ಕೊಟ್ಟಂತೆ. ಅದು ವಾಪಸಾದರೆ ಚೆಕ್ ಅಮಾನ್ಯದ ಕ್ರಿಮಿನಲ್ ಪ್ರಕರಣ. ಆಗ ಬಾಕಿ ಇರಲಿಲ್ಲ ಎಂದು ತೋರಿಸುವ ಹೊರೆ ಸಹಿ ಮಾಡಿದವರ ಮೇಲೆ ಬೀಳುತ್ತದೆ. ಬಾಂಡಿನ ಮೊತ್ತವನ್ನು ಚರ್ಚಿಸಬಹುದು, ಅವಧಿಯನ್ನು ಚರ್ಚಿಸಬಹುದು. ಖಾಲಿ ಚೆಕ್ ಮತ್ತು ಮೂಲ ಅಂಕಪಟ್ಟಿ ಈ ಎರಡನ್ನು ಮಾತ್ರ ಕೊಡಲೇಬೇಡಿ ಎಂಬುದು ನನ್ನ ಖಚಿತ ಸಲಹೆ. ಅಂಕಪಟ್ಟಿಯನ್ನು ಎದುರಿಗೆ ತೋರಿಸಿ, ನಕಲು ಕೊಟ್ಟು, ಮೂಲವನ್ನು ಅಲ್ಲೇ ವಾಪಸು ಪಡೆಯಿರಿ.

ಕೇಳುವುದು ಹೇಗೆ? ಫೋನಿನಲ್ಲಿ ಎಷ್ಟು ಸವಿಯಾಗಿ ಹೇಳಿದರೂ, ಲಿಖಿತ ಕರಾರಿನ ಷರತ್ತನ್ನು ಬಾಯಿಮಾತಿನಿಂದ ಬದಲಿಸಲು ಸಾಕ್ಷ್ಯ ಕಾನೂನು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಇಮೇಲ್ ಮಾಡಬೇಕು. ಅದರಲ್ಲೂ ಒಂದು ತೊಡಕಿದೆ: ‘ಈ ಕರಾರೇ ಅಂತಿಮ, ಹಿಂದಿನ ಪತ್ರವ್ಯವಹಾರಗಳು ರದ್ದು’ ಎಂಬ ಷರತ್ತು ಬಹುತೇಕ ಕರಾರುಗಳ ಕೊನೆಯಲ್ಲಿ ಇರುತ್ತದೆ. ಹಾಗಿದ್ದರೆ ಇಮೇಲ್‌ನಲ್ಲಿ ಬಂದ ಉತ್ತರವನ್ನು ಕರಾರಿನಲ್ಲೇ ತಿದ್ದಿಸಬೇಕು, ಇಲ್ಲವೇ ಸಹಿಯಿರುವ ಅನುಬಂಧವಾಗಿ ಸೇರಿಸಬೇಕು.

ನಾವು ಬರೆದ ಇಮೇಲ್ ಚಿಕ್ಕದು. ಆಫರ್‌ಗೆ ಧನ್ಯವಾದ, ಸೇರಲು ಉತ್ಸುಕಳಾಗಿದ್ದೇನೆ ಎಂದು ಮೊದಲ ಸಾಲು. ಬಾಂಡನ್ನು ಸೇರಿದ ದಿನದಿಂದ ಎಣಿಸಬಹುದೇ, ಮೊತ್ತವನ್ನು ಉಳಿದ ತಿಂಗಳುಗಳಿಗೆ ತಕ್ಕಂತೆ ಇಳಿಸಬಹುದೇ, ಕಂಪನಿಯೇ ಸೇವೆ ಕೊನೆಗೊಳಿಸಿದರೆ ಬಾಂಡ್ ಅನ್ವಯಿಸುವುದಿಲ್ಲ ಎಂದು ಸೇರಿಸಬಹುದೇ, ತರಬೇತಿಯ ವಿವರವೇನು, ಜಾಮೀನು ಮತ್ತು ಚೆಕ್ ಕೈಬಿಡಬಹುದೇ, ಸೇವೆಯ ನಂತರದ ನಿರ್ಬಂಧ ಯಾವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕಾಯ್ದೆಯ ಕಲಂಗಳನ್ನು ಬೇಕೆಂದೇ ಬರೆಯಲಿಲ್ಲ. ಹೊಸದಾಗಿ ಸೇರುವವಳು ಕಲಂ ಉಲ್ಲೇಖಿಸಿದರೆ ಎಚ್‌ಆರ್ ಆ ಪತ್ರವನ್ನು ತಮ್ಮ ವಕೀಲರಿಗೆ ದಾಟಿಸುತ್ತಾರೆ, ಉತ್ತರ ಬರುವುದು ಅಲ್ಲಿಗೆ ನಿಲ್ಲುತ್ತದೆ.

‘ಹೀಗೆ ಕೇಳಿದರೆ ಆಫರ್ ಹಿಂದಕ್ಕೆ ಪಡೆದರೆ?’ ಎಂದು ಹುಡುಗಿ ಕೇಳಿದಳು. ಅದು ಅಸಾಧ್ಯವೆಂದು ನಾನು ಹೇಳಲಿಲ್ಲ. ಆದರೆ ದಿನಾಂಕದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಆಫರ್ ಕಸಿದುಕೊಳ್ಳುವವರ ಕೈಯಲ್ಲಿ ಅಪ್ಪನ ಖಾಲಿ ಚೆಕ್ ಇದ್ದರೆ ಏನಾದೀತು ಎಂಬುದನ್ನೂ ಯೋಚಿಸಲು ಹೇಳಿದೆ.

ಕಂಪನಿ ಉತ್ತರಿಸಿತು. ಬಾಂಡ್ ಸೇರಿದ ದಿನದಿಂದಲೇ ಎಂದು ತಿದ್ದಿದರು, ಕಂಪನಿ ತೆಗೆದರೆ ಅನ್ವಯಿಸದು ಎಂಬ ಸಾಲು ಸೇರಿಸಿದರು, ಚೆಕ್ ಮತ್ತು ಜಾಮೀನು ಕೈಬಿಟ್ಟರು. ತರಬೇತಿ ಆರು ವಾರ, ಒಳಗಿನ ಸಿಬ್ಬಂದಿಯಿಂದ ಎಂದು ತಿಳಿಸಿದರು. ಮೊತ್ತವನ್ನು ಅವಧಿಗೆ ತಕ್ಕಂತೆ ಇಳಿಸಲು ಒಪ್ಪಲಿಲ್ಲ. ಒಂದು ವರ್ಷದ ನಿರ್ಬಂಧ ಎಲ್ಲರಿಗೂ ಒಂದೇ, ಬದಲಿಸಲಾಗದು ಎಂದರು. ಆ ಎರಡು ಷರತ್ತುಗಳು ಇದ್ದ ಹಾಗೆಯೇ ಇರಲಿ, ಸಹಿ ಹಾಕಬಹುದು ಎಂದೆ. ತಿದ್ದಿದ ಕರಾರಿನ ಪ್ರತಿ ಪುಟದಲ್ಲೂ ಸಹಿ ಮಾಡಿ, ಕಂಪನಿಯ ಸಹಿಯಿರುವ ಒಂದು ಪ್ರತಿಯನ್ನು ಆಕೆ ತನ್ನ ಬಳಿ ಇಟ್ಟುಕೊಂಡಿದ್ದಾಳೆ.