ಗೋಡೆ ಒಡೆಯದೆ ಇಂಡಕ್ಷನ್ ಒಲೆಗೆ ಹೊಸ ಲೈನ್: ಕೇಸಿಂಗ್ ಕ್ಯಾಪಿಂಗ್ ಟಿಪ್ಪಣಿ

ತುಮಕೂರಿನ ಎಸ್‌ಐಟಿ ಬಡಾವಣೆ ಕಡೆಯ ಒಂದು ಬಾಡಿಗೆ ಫ್ಲ್ಯಾಟ್ ಅಂದುಕೊಳ್ಳಿ. ಅಡುಗೆಮನೆಯಲ್ಲಿ ಇರುವುದು ಮಿಕ್ಸಿಗೆಂದು ಕೊಟ್ಟ 6 ಆಂಪಿಯರ್ ಪ್ಲಗ್ ಒಂದೇ. ಬಾಡಿಗೆದಾರರಿಗೆ 2000 ವ್ಯಾಟ್ ಇಂಡಕ್ಷನ್ ಒಲೆ ಇಡಬೇಕು. ಓನರ್ ಹೇಳಿದ್ದು ಇಷ್ಟೇ: "ಏನಾದ್ರೂ ಮಾಡ್ಕೊಳ್ಳಿ, ಗೋಡೆ ಮಾತ್ರ ಒಡೀಬೇಡಿ."

2000 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಹಳೇ ಪ್ಲಗ್ ಇದನ್ನು ತಾಳುವುದಿಲ್ಲ. ಅದರ ಹಿಂದಿನ ವೈರ್ ಕೂಡ ಲೈಟು, ಫ್ಯಾನಿನ ಜೊತೆ ಹಂಚಿಕೊಂಡಿರುತ್ತದೆ. ಹಾಗಾಗಿ ಪ್ಲಗ್ ಒಂದನ್ನೇ 16 ಆಂಪಿಯರ್‌ಗೆ ಬದಲಿಸಿದರೆ ಪ್ರಯೋಜನವಿಲ್ಲ, ಒಳಗಿನ ವೈರ್ ಬಿಸಿಯಾಗುತ್ತದೆ. ಮನೆಯ ಎಲ್ಲ ಲೈನ್‌ಗಳೂ ಹೊರಡುವ ಡಿಬಿ ಪೆಟ್ಟಿಗೆಯಿಂದಲೇ, ಲೋಡ್ ಮೀರಿದರೆ ತಾನೇ ಆಫ್ ಆಗುವ ಪ್ರತ್ಯೇಕ 16 ಆಂಪಿಯರ್ ಎಂಸಿಬಿ ಸ್ವಿಚ್ ಹಾಕಿ, 2.5 ಚದರ ಎಂಎಂ ತಾಮ್ರದ ವೈರ್ ಎಳೆಯಬೇಕು: ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ತ್‌ಗೆ ಹಸಿರು.

ಗೋಡೆ ಒಡೆಯದೆ ಈ ವೈರ್ ಎಳೆಯುವ ದಾರಿಯೇ ಕೇಸಿಂಗ್ ಕ್ಯಾಪಿಂಗ್: ಗೋಡೆ ಮೇಲೆ ಕೂರಿಸುವ ಪಿವಿಸಿ ಪಟ್ಟಿ, ಅದರೊಳಗೆ ವೈರ್, ಮೇಲೊಂದು ಮುಚ್ಚಳ. ಮೊದಲು ಪಟ್ಟಿ ಹೋಗುವ ಹಾದಿ ನೋಡಿ. ಈ ಮನೆಯಲ್ಲಿ ಡಿಬಿ ಇರುವುದು ಹಾಲ್‌ನಲ್ಲಿ. ಅಲ್ಲಿಂದ 3 ಅಡಿ ಮೇಲಕ್ಕೆ, ಹಾಲ್ ಗೋಡೆ ಮೇಲೆ 14 ಅಡಿ ಅಡ್ಡಕ್ಕೆ, ಬಾಗಿಲ ಮೇಲಿನ ವೆಂಟಿಲೇಟರ್ ಮೂಲೆಯಿಂದ ಅಡುಗೆಮನೆಗೆ, ಅಲ್ಲಿ 7 ಅಡಿ ಅಡ್ಡಕ್ಕೆ, ಕೊನೆಗೆ 4 ಅಡಿ ಕೆಳಕ್ಕೆ. ಒಟ್ಟು 28 ಅಡಿ, ಅಂದರೆ ಎಂಟೂವರೆ ಮೀಟರ್. ಕೇಸಿಂಗ್ 2 ಮೀಟರ್ ಉದ್ದದ ಪಟ್ಟಿಯಾಗಿ ಸಿಗುವುದರಿಂದ ಕತ್ತರಿಸಿ ಹೋಗುವುದೂ ಸೇರಿ ಐದು ಪಟ್ಟಿ ಸಾಕು. ಎರಡೂ ತುದಿಯಲ್ಲಿ ಸಡಿಲ ಬಿಡಬೇಕಾದ್ದರಿಂದ ವೈರ್ ಪ್ರತಿ ಬಣ್ಣಕ್ಕೆ 10 ಮೀಟರ್ ತನ್ನಿ. ಒಂದು ಇಂಚಿನ ಪಟ್ಟಿಯಲ್ಲಿ ಮೂರು ವೈರ್ ಆರಾಮವಾಗಿ ಕೂರುತ್ತವೆ. ಮುಕ್ಕಾಲು ಇಂಚಿನದರಲ್ಲೂ ಹಿಡಿಯುತ್ತವೆ, ಆದರೆ ಮೂಲೆಯಲ್ಲಿ ಒತ್ತಿಕೊಂಡು ಮುಚ್ಚಳ ಎದ್ದು ನಿಲ್ಲುತ್ತದೆ.

ತೂತು ಹಾಕುವ ಮುನ್ನ ಇದನ್ನು ನೆನಪಿಡಿ: ಸ್ವಿಚ್ ಬೋರ್ಡ್ ಮತ್ತು ಡಿಬಿಯ ನೇರ ಮೇಲೆ, ನೇರ ಕೆಳಗೆ ಗೋಡೆಯೊಳಗೆ ಹಳೇ ಪೈಪ್ ಹಾದುಹೋಗಿರುವ ಸಾಧ್ಯತೆ ಹೆಚ್ಚು. ಡಿಬಿಯಿಂದ ಮೇಲಕ್ಕೆ ಹೋಗುವ ಆ 3 ಅಡಿಯನ್ನು ಡಿಬಿಯ ಅಂಚಿಗಿಂತ ನಾಲ್ಕೈದು ಇಂಚು ಆಚೆ ಸರಿಸಿ. ಮೇನ್ ಆಫ್ ಮಾಡಿ, ಬ್ಯಾಟರಿ ಡ್ರಿಲ್ಲಿನಲ್ಲಿ ತೂತು ಹಾಕಿ. ಅಡ್ಡ ಗೆರೆಗೆ ರಸಮಟ್ಟ ಹಿಡಿದು ಚಾಕ್ ದಾರ ಹೊಡೆಯಿರಿ.

"ಡಬಲ್ ಟೇಪ್ ಅಂಟಿಸಿದರೆ ತೂತೇ ಬೇಡವಲ್ಲ" ಅಂತ ಬಹಳ ಜನ ಕೇಳುತ್ತಾರೆ. ಟೇಪ್ ಹಿಡಿಯುವುದು ಬಣ್ಣವನ್ನು, ಗೋಡೆಯನ್ನಲ್ಲ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಬೇಸಿಗೆಯಲ್ಲಿ ಪಟ್ಟಿ ಬಣ್ಣದ ಸಮೇತ ಕಳಚಿ ಬರುತ್ತದೆ. 6 ಎಂಎಂ ತೂತು, ಅದರೊಳಗೆ ಸ್ಕ್ರೂ ಹಿಡಿಯಲು ತೂರಿಸುವ ರಾವಲ್ ಪ್ಲಗ್, ಸ್ಕ್ರೂ ಇವೇ ಸರಿ. ಎರಡು ಅಡಿಗೊಂದು, ಜೊತೆಗೆ ಪ್ರತಿ ತುಂಡಿನ ತುದಿಯಿಂದ ಮೂರು ಇಂಚಿನೊಳಗೆ ಒಂದೊಂದು. ಸ್ಕ್ರೂ ಚಪ್ಪಟೆ ತಲೆಯದಾಗಿರಲಿ, ತಲೆ ಪೂರ್ತಿ ಪಟ್ಟಿಯೊಳಗೆ ಕೂರಲಿ. ಬೆರಳಾಡಿಸಿ ನೋಡಿ. ಚೂಪಾದ ಅಂಚು ತಾಗಿದರೆ ನಾಳೆ ಅದೇ ಅಂಚು ವೈರಿನ ಇನ್ಸುಲೇಶನ್ ಕೊರೆಯುತ್ತದೆ. ನಮ್ಮ ಕಡೆಯ ಹಳೇ ಸೈಜುಗಲ್ಲಿನ ಗೋಡೆ ಸಿಕ್ಕರೆ ಕಲ್ಲಿಗೆ ಡ್ರಿಲ್ ಒತ್ತಿ ಬಿಟ್ ಸುಡಬೇಡಿ, ಕಲ್ಲುಗಳ ನಡುವಿನ ಸಿಮೆಂಟ್ ಸಂದು ಹುಡುಕಿ.

ಮೂಲೆಯಲ್ಲಿ ಎರಡೂ ಪಟ್ಟಿಯನ್ನು ಆಕ್ಸಾ ಬ್ಲೇಡಿನಲ್ಲಿ 45 ಡಿಗ್ರಿಗೆ ಓರೆಯಾಗಿ ಕೊಯ್ದು ಜೋಡಿಸಿ, ಕೊಯ್ದ ಅಂಚನ್ನು ಉಜ್ಜಿ ನಯ ಮಾಡಿ. ತಳದ ಪಟ್ಟಿಯ ಜೋಡಣೆ ಬಂದ ಜಾಗದಲ್ಲೇ ಮುಚ್ಚಳದ ಜೋಡಣೆಯೂ ಬರಬಾರದು. ಅರ್ಧ ಅಡಿಯಾದರೂ ಸರಿಸಿದರೆ ಮುಚ್ಚಳವೇ ಸಂದನ್ನು ಬಿಗಿಹಿಡಿಯುತ್ತದೆ. ವೆಂಟಿಲೇಟರ್ ಹತ್ತಿರ ಕಬ್ಬಿಣದ ಜಾಲರಿ ಇದ್ದರೆ ವೈರ್ ಅದಕ್ಕೆ ಉಜ್ಜದಂತೆ ಪಿವಿಸಿ ಪೈಪಿನ ತುಂಡಿನೊಳಗೆ ದಾಟಿಸಿ. ಪಟ್ಟಿಯೊಳಗೆ ಎಲ್ಲೂ ವೈರ್ ಜಾಯಿಂಟ್ ಬೇಡ. ಡಿಬಿಯಿಂದ ಪ್ಲಗ್ ಬಾಕ್ಸಿನವರೆಗೆ ಒಂದೇ ಎಳೆ ಇರಲಿ. ಸಿಂಕ್‌ನ ನೀರು ಹಾರುವ ಕಡೆ ಪಟ್ಟಿ ಇಳಿಸಬೇಡಿ, ಇದು ಒಣ ಜಾಗದ ವೈರಿಂಗ್.

ಡಿಬಿಯೊಳಗಿನ ಕನೆಕ್ಷನ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಬೆಸ್ಕಾಂ ಮಂಜೂರು ಮಾಡಿದ ಲೋಡ್ ಬಿಲ್ಲಿನಲ್ಲೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಕರೆಂಟ್ ಕೊಟ್ಟ ಮೇಲೆ ಅವರು ಮೀಟರ್ ಹಿಡಿದಾಗ ಫೇಸ್ ಮತ್ತು ಅರ್ತ್ ನಡುವೆ ಹತ್ತಿರ ಹತ್ತಿರ 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಆಮೇಲೆ ಒಲೆಯನ್ನು ಪೂರ್ತಿ ಉರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಪ್ಲಗ್ ತಟ್ಟೆಯ ಮುಖ ಮುಟ್ಟಿ ನೋಡಿ. ಪಟ್ಟಿ ತಣ್ಣಗಿದ್ದು ಪ್ಲಗ್ ಮಾತ್ರ ಬಿಸಿಯಾಗಿದ್ದರೆ ಒಳಗಿನ ಸ್ಕ್ರೂ ಸಡಿಲ ಇರಬೇಕು ಅಥವಾ ಪಿನ್ ಹಿಡಿತ ಸಾಲದಿರಬೇಕು. ಎಂಸಿಬಿ ಆಫ್ ಮಾಡಿ ತೆರೆದು, ಒಂದೊಂದೇ ವೈರ್ ಜಗ್ಗಿ, ಮತ್ತೆ ಬಿಗಿ ಮಾಡಬೇಕು.

ಮನೆ ಬಿಡುವಾಗ ಎಲೆಕ್ಟ್ರಿಷಿಯನ್ ಡಿಬಿಯಿಂದ ಲೈನ್ ಕಳಚಿದ ಮೇಲೆ ಮುಚ್ಚಳ ತೆಗೆದು ಪಟ್ಟಿ ಬಿಚ್ಚಿಕೊಳ್ಳಿ. ರಾವಲ್ ಪ್ಲಗ್ ಎಳೆಯಲು ಹೋದರೆ ಪ್ಲಾಸ್ಟರ್ ಚಕ್ಕೆ ಏಳುತ್ತದೆ. ಅದನ್ನು ಎರಡು ಎಂಎಂ ಒಳಕ್ಕೆ ತಟ್ಟಿ, ಮೇಲೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ.